ಮಂಡಕ್ಕಿ ಅನುಸೂಯಳ ಸಪ್ಪೆ ಪಥ್ಯ

ಅನುಸೂಯಳ ಕೈಯ ವಿಷಯ ಮೊದಲು ಹೇಳಬೇಕು. ಹಿರಿಯೂರು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವಳ ಮಂಡಕ್ಕಿ ಗಾಡಿ ನಿಲ್ಲುತ್ತಿತ್ತು. ಬುಟ್ಟಿಗೆ ಮಂಡಕ್ಕಿ ಸುರಿದು, ಹುರಿಗಡಲೆ ಪುಡಿ ಹಾಕಿ, ಈರುಳ್ಳಿ ಚೆಲ್ಲಿ, ಒಗ್ಗರಣೆ ಎಣ್ಣೆ ಬಿಟ್ಟು, ಕೊನೆಗೆ ಉಪ್ಪು ಉದುರಿಸಿ ಎರಡೂ ಕೈಯಿಂದ ಮೇಲೆ ಕೆಳಗೆ ಮಾಡುತ್ತಿದ್ದಳು. ಒಂದು ಕಾಳೂ ಹೊರಗೆ ಬೀಳುತ್ತಿರಲಿಲ್ಲ. ಲಾರಿ ಡ್ರೈವರುಗಳು ಹೈವೇ ಬಿಟ್ಟು ಒಳಗೆ ಬಂದು ತಿಂದು ಹೋಗುತ್ತಿದ್ದರು. ಚಮಚದಲ್ಲಿ ಕಲೆಸಿದರೆ ಮಂಡಕ್ಕಿ ಮುರಿಯುತ್ತದೆ, ಕೈಯಲ್ಲೇ ಕಲೆಸಬೇಕು ಎನ್ನುತ್ತಿದ್ದಳು. ನಾನು ಗಾಡಿಯ ಪಕ್ಕ ಮಣೆ ಹಾಕಿಕೊಂಡು ಈರುಳ್ಳಿ ಹೆಚ್ಚಿಕೊಡುತ್ತಿದ್ದೆ. ನಮ್ಮ ಮನೆ ಅವರ ಮನೆಗೆ ಎದುರು, ನಡುವೆ ಒಂದು ಚರಂಡಿ. ನನ್ನ ಯಜಮಾನರು ಹೋದ ಮೇಲೆ ಅವಳು ನನ್ನನ್ನು ದೊಡ್ಡವ್ವ ಎನ್ನಲು ಶುರು ಮಾಡಿದಳು. ಅದಕ್ಕೂ ಮುಂಚೆ ವೀರಮ್ನೋರೇ ಎನ್ನುತ್ತಿದ್ದಳು.

ಅವಳ ತವರು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ. ಅಪ್ಪ ರೈಲ್ವೆ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ. ಬಿಳುಪೂ ಅಲ್ಲದ ಕಪ್ಪೂ ಅಲ್ಲದ ಗೋಧಿ ಬಣ್ಣದ ಹುಡುಗಿಯಾಗಿ ಈ ಬೀದಿಗೆ ಸೊಸೆಯಾಗಿ ಬಂದಳು. ಗಂಡ ಮಲ್ಲೇಶನದು ತೆಂಗಿನಕಾಯಿ ಮಂಡಿಯಲ್ಲಿ ಲೋಡು ತುಂಬಿಸುವ ಕೆಲಸ. ಮಕ್ಕಳಾಗಲಿಲ್ಲ. ಅತ್ತೆ ಚಂದ್ರಕ್ಕನಿಗೆ ಅದನ್ನು ದಿನಕ್ಕೊಂದು ಸಲ ನೆನಪು ಮಾಡದಿದ್ದರೆ ಊಟ ಸೇರುತ್ತಿರಲಿಲ್ಲ.

ಸೊಸೆ ಬಂದ ಹೊಸದರಲ್ಲಿ ಮಾವ ಏಕಾಂತಪ್ಪ ಕೆಮ್ಮುತ್ತಿದ್ದ. ಕೆಮ್ಮು ಎಂದರೆ ಗೋಡೆ ಅದುರುವ ಕೆಮ್ಮು. ಪಡಸಾಲೆಯ ಮೂಲೆಯಲ್ಲಿ ಮಲಗಿಕೊಂಡು ಬೂದಿ ತುಂಬಿದ ಡಾಲ್ಡಾ ಡಬ್ಬಿಗೆ ಉಗುಳುತ್ತಿದ್ದ, ಕೆಲವು ಸಲ ಡಬ್ಬಿಗೆ, ಕೆಲವು ಸಲ ಗೋಡೆಗೆ. ಆಸ್ಪತ್ರೆಯವರು ಕ್ಷಯ ಎಂದು ಹೇಳಿ ಮಾತ್ರೆ ಕೊಟ್ಟಿದ್ದರು. ಸ್ವಲ್ಪ ದಿನ ತಿಂದು ಮೈಗೆ ಕಸುವು ಬಂದ ಕೂಡಲೇ, ಉಚ್ಚೆ ಕೆಂಪಗೆ ಬರುತ್ತದೆ, ಹೊಟ್ಟೆ ಉರಿಯುತ್ತದೆ ಎಂದು ಉಳಿದದ್ದನ್ನೆಲ್ಲ ಚರಂಡಿಗೆ ಎಸೆದ. ನಾನು ಅಂಗಳದಿಂದ ನೋಡಿದ್ದೇನೆ. ಚಂದ್ರಕ್ಕ ಆಮೇಲೆ ಗಂಡನ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತು, "ಅನುಸೂಯ, ಡಬ್ಬಿ ತುಂಬೈತೆ ನೋಡು" ಎನ್ನುತ್ತಿದ್ದಳು. ಆ ಡಬ್ಬಿ ಎತ್ತಿದ್ದು, ಗೋಡೆ ಒರೆಸಿದ್ದು, ಮುದುಕನ ಬಾಯಿ ತೊಳೆದದ್ದು, ಅವನು ಸಾಯುವವರೆಗೂ, ಹೊಸ ಸೊಸೆ.

ಅವಳಿಗೆ ಆಗ ಏನೂ ಆಗಲಿಲ್ಲ. ಕೆಮ್ಮು ಬರಲಿಲ್ಲ. ವರ್ಷಗಳು ಕಳೆದವು, ಗಾಡಿ ಇಟ್ಟಳು, ಹೆಸರು ಮಾಡಿದಳು.

ಮೊದಲು ಬದಲಾದದ್ದು ಕೈ. ಹೋದ ಬೇಸಿಗೆಗೂ ಮುಂಚಿನ ಬೇಸಿಗೆ ಅದು. ಬಿಸಿಲಿಗೆ ನಿಂತರೆ ಯಾರಾದರೂ ಕಪ್ಪಾಗುತ್ತಾರೆ ಅಂದುಕೊಂಡೆವು. ಆದರೆ ಬಿಸಿಲು ಕಾಣದ ಜಾಗವೂ ಕಪ್ಪಾಯಿತು. ಅಂಗೈ ಗೆರೆಗಳು ಮಸಿ ತುಂಬಿದ ಹಾಗೆ ಕಂಡವು. ಬೆರಳ ಗೆಣ್ಣು, ಮೊಣಕೈ, ಒಸಡು, ತುಟಿಯ ಒಳಗೆಲ್ಲ ಹಲಸಿನ ಬೀಜದ ಬಣ್ಣ. ಹಳೆಯ ಎಣ್ಣೆ ಸುಟ್ಟ ಕಲೆ ಮುಂಗೈಮೇಲೆ ಬೆಳ್ಳಗೆ ಇತ್ತು, ಅದೂ ಇದ್ದಿಲಾಯಿತು. ಬುಟ್ಟಿಯ ಬೆಳ್ಳನೆ ಮಂಡಕ್ಕಿಯಲ್ಲಿ ಆ ಕೈ ಆಡುವುದನ್ನು ಗಿರಾಕಿಗಳು ನೋಡಿದರು.

"ಏನಮ್ಮ, ಕೈ ತೊಳ್ಕಂಡು ಎಷ್ಟ್ ದಿನ ಆತು?" ಎಂದ ಒಬ್ಬ ಡ್ರೈವರು, ಪೊಟ್ಟಣ ಮೂಸಿ ನೋಡುತ್ತ.

"ತೊಳ್ದೇ ಕಲ್ಸೀನಿ ಅಣ್ಣ."

"ಯಾವ್ದರಾಗೆ, ಗ್ರೀಸಿನಾಗಾ?"

ಅವನ ಜೊತೆಯವರು ನಕ್ಕರು. ಅವನು ಪೊಟ್ಟಣವನ್ನು ಗಾಡಿಯ ಮೇಲೆಯೇ ಬಿಟ್ಟು ಹೋದ. ಅವತ್ತು ಮನೆಗೆ ಬಂದು ಅನುಸೂಯ ಬಚ್ಚಲಲ್ಲಿ ಕೂತು ಅಂಗೈ ತಿಕ್ಕಿದಳು. ಸೀಗೆಕಾಯಿ, ನಿಂಬೆ ಸಿಪ್ಪೆ, ಬೂದಿ, ಕೊನೆಗೆ ಹಿಮ್ಮಡಿ ಉಜ್ಜುವ ಕಲ್ಲು. ಚರ್ಮ ಕಿತ್ತು ರಕ್ತ ಬಂತು. ಗೆರೆ ಹೋಗಲಿಲ್ಲ.

ಅಷ್ಟರಲ್ಲಿ ಬೇರೆಯದೂ ಶುರುವಾಗಿತ್ತು. ಬೆಳಗ್ಗೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಕವಿದು ಗೋಡೆ ಹಿಡಿದುಕೊಳ್ಳುತ್ತಿದ್ದಳು. ಊಟ ಸೇರುತ್ತಿರಲಿಲ್ಲ, ವಾಂತಿ ಬರುತ್ತಿತ್ತು. ಕುಪ್ಪಸದ ತೋಳು ಜೋತು ಬಿದ್ದಿತ್ತು. ಮಂಡಕ್ಕಿ ಮೂಟೆ ಎತ್ತಿದರೆ ಏನು ಭಾರ? ಅದನ್ನೂ ಎತ್ತಲಾರದೆ ದರದರ ಎಳೆದುಕೊಂಡು ಬರುತ್ತಿದ್ದಳು. ಇನ್ನೊಂದು ಉಪ್ಪಿನ ಹುಚ್ಚು. ಗಾಡಿಯ ಕಲ್ಲುಪ್ಪಿನ ಡಬ್ಬಕ್ಕೆ ಕೈ ಹಾಕಿ ಕಲ್ಲುಸಕ್ಕರೆ ತಿಂದ ಹಾಗೆ ತಿನ್ನುತ್ತಿದ್ದಳು. ಉಪ್ಪಿನಕಾಯಿ ಜಾಡಿಯ ತಳದ ನೀರನ್ನು ಲೋಟಕ್ಕೆ ಬಗ್ಗಿಸಿ ಕುಡಿಯುತ್ತಿದ್ದಳು. "ಏನೇ ಇದು?" ಎಂದರೆ, "ಗೊತ್ತಿಲ್ಲ ದೊಡ್ಡವ್ವ, ಇದು ಬಾಯಿಗೆ ಬಿದ್ರೆ ಜೀವ ಬಂದಂಗಾಗುತ್ತೆ" ಎನ್ನುತ್ತಿದ್ದಳು.

ಚಂದ್ರಕ್ಕ ಒಂದು ದಿನ ಅದನ್ನು ನೋಡಿಬಿಟ್ಟಳು. ಬೀದಿಯವರೆಲ್ಲ ಕೇಳಲೆಂದು ಬಾಗಿಲಿಗೆ ಬಂದು ಹೇಳಿದಳು: "ವಾಂತಿ ಅಂತೆ, ಉಪ್ಪು ನೆಕ್ತಾಳಂತೆ! ಇಷ್ಟು ವರ್ಷಕ್ಕೆ ಬಸುರಾದ್ಲೇನ್ರಮ್ಮ ನಮ್ಮ ಸೊಸೆ? ಕಲ್ಲಿಗೆ ಹುಟ್ಟುತ್ತೋ ಕಲ್ಲುಪ್ಪಿಗೆ ಹುಟ್ಟುತ್ತೋ!" ಹೇಳಿ ತಾನೇ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಅದೇ ವಾರ ಸೊಸೆಯ ತಟ್ಟೆ, ಲೋಟ ಬೇರೆ ಮಾಡಿ ಬಚ್ಚಲ ಕಟ್ಟೆಯ ಮೇಲಿಟ್ಟಳು. ಕಪ್ಪು ಅಂಟುತ್ತದಂತೆ. ಗಂಡನ ಡಬ್ಬಿ ಎತ್ತಿಸಿದಾಗ ಸೊಸೆಯ ಕೈ ಏನೂ ಅಂಟದ ಕೈ ಆಗಿತ್ತು.

ಮಲ್ಲೇಶ್ ಅವಳನ್ನು ಕನಕರಾಜನ ಹತ್ತಿರ ಕರೆದುಕೊಂಡು ಹೋದ. ಕನಕರಾಜ ಯಾವ ಕಾಲೇಜಿಗೂ ಹೋದವನಲ್ಲ, ಹಿಂದೆ ಯಾರೋ ಡಾಕ್ಟರ ಹತ್ತಿರ ಬ್ಯಾಗು ಹಿಡಿಯುತ್ತಿದ್ದ. ಈಗ ಒಂದು ಪರದೆ ಕಟ್ಟಿ ಕೂತಿದ್ದಾನೆ. ಆ ಪರದೆಯ ಹಿಂದೆ ಸ್ಪಿರಿಟು, ಬೆವರು, ಉಚ್ಚೆ ಎಲ್ಲ ಸೇರಿದ ವಾಸನೆ. "ನಿಶ್ಶಕ್ತಿ, ಪವರ್ ಸೂಜಿ ಹಾಕಿದ್ರೆ ಕುದುರೆ ಆಗ್ತಾಳೆ" ಎಂದು ಚುಚ್ಚಿದ. ಇದು ನಿಜ, ಅವಳು ಕುದುರೆಯೇ ಆದಳು. ಮಾರನೆಯ ದಿನ ಮುದ್ದೆ ಉಂಡಳು, ಗಾಡಿ ತಳ್ಳಿದಳು, ನನ್ನ ಈರುಳ್ಳಿ ಮಣೆಯನ್ನೂ ಅವಳೇ ಹೊತ್ತಳು. ಕೆಲವು ದಿನ ಕಳೆಯುವಷ್ಟರಲ್ಲಿ ಮತ್ತೆ ಹಿಂದಿಗಿಂತ ಕೆಳಗೆ ಬಿದ್ದಳು. ಮತ್ತೆ ಸೂಜಿ, ಮತ್ತೆ ಏಳುವುದು, ಮತ್ತೆ ಬೀಳುವುದು. ಚಂದ್ರಕ್ಕ ಅಂದಳು, "ನೋಡ್ರಿ, ಬೇಕಾದಾಗ ಏಳ್ತಾಳೆ, ಬ್ಯಾಡಾದಾಗ ಬೀಳ್ತಾಳೆ. ನಾಟಕ." ಮಲ್ಲೇಶನೂ ಅರ್ಧ ನಂಬಿದ. ಬಾಯಿ ಬಿಡುವ ಗಂಡಸಲ್ಲ ಅವನು. ತಾಯಿ ಎದುರಿಗಂತೂ ಬಾಯಿ ಇದೆಯೋ ಇಲ್ಲವೋ.

ಸೂಜಿಯೂ ಕೈಕೊಟ್ಟ ಮೇಲೆ ಚಂದ್ರಕ್ಕನೇ ಯಲ್ಲದಕೆರೆ ಕಡೆಯ ಕಾಟಯ್ಯನನ್ನು ಕರೆಸಿದಳು. ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವನು. ನಮ್ಮ ಕಡೆ ಕಾಮಾಲೆ ಎಂದರೆ ಆಸ್ಪತ್ರೆಗೆ ಯಾರೂ ಹೋಗುವುದಿಲ್ಲ, ಸೊಪ್ಪು ಅರೆದು ಆಡಿನ ಹಾಲಿನಲ್ಲಿ ಕುಡಿದು ಪಥ್ಯ ಮಾಡುತ್ತಾರೆ. ಕಾಟಯ್ಯ ಅನುಸೂಯಳ ಅಂಗೈ ನೋಡಿದ, ಒಸಡು ನೋಡಿದ.

"ಕಣ್ಣು ಬೆಳ್ಳಗವಲ್ಲ ಕಾಟಯ್ಯ, ಕಾಮಾಲೆಗೆ ಕಣ್ಣು ಹಳದಿ ಆಗ್ಬೇಕಲ್ವಾ?" ಎಂದೆ ನಾನು.

"ಅದು ಹಳದಿ ಕಾಮಾಲೆ ಕಣಜ್ಜಿ. ಇದು ಕರಿಗಾಮಾಲೆ. ಕಣ್ಣಿಗೆ ಏರಲ್ಲ, ಚರ್ಮಕ್ಕೆ ಇಳೀತದೆ" ಎಂದ. "ಉಪ್ಪು ಮುಟ್ಟಂಗಿಲ್ಲ. ಉಪ್ಪು, ಹುಳಿ, ಖಾರ, ಎಣ್ಣೆ, ನಾಕೂ ಬಿಡ್ಬೇಕು. ಉಪ್ಪು ತಿಂದ್ಯೋ, ಔಷಧಿ ತಿರುಗಿ ಬೀಳ್ತದೆ."

ಉಪ್ಪು ಎಂದ ಕೂಡಲೇ ಚಂದ್ರಕ್ಕನ ಮುಖ ಅರಳಿದ್ದನ್ನು ನಾನು ಕಂಡೆ. ಸಪ್ಪೆ ಪಥ್ಯ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನನ್ನ ಅಣ್ಣನಿಗೇ ಕಾಮಾಲೆಯಾದಾಗ ಮಾಡಿ ಎದ್ದಿದ್ದ. ಆದರೆ ಕಾಯಿಲೆ ಯಾವುದೆಂದು ಗೊತ್ತಿಲ್ಲದೆ ಪಥ್ಯ ಮೊದಲು ಹಿಡಿದುಬಿಟ್ಟರು. ಪಥ್ಯವನ್ನು ನಡೆಸುವುದರಲ್ಲಿ ಚಂದ್ರಕ್ಕನಷ್ಟು ನಿಷ್ಠೆಯವರು ಇರಲಿಲ್ಲ. ಉಪ್ಪಿನ ಡಬ್ಬವನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದಳು. ಗಾಡಿ ಮೂಲೆಗೆ ನಿಂತಿತು. ಅನುಸೂಯಳಿಗೆ ಸಪ್ಪೆ ಗಂಜಿ, ಸಪ್ಪೆ ಅನ್ನ, ಬೆಳಗ್ಗೆ ಹಸಿರು ರಸ. ರಸ ಕುಡಿದರೆ ವಾಂತಿ, ಅದರ ವಾಸನೆಗೆ ಮತ್ತೆ ವಾಂತಿ.

ನಾನು ಒಂದು ಮಧ್ಯಾಹ್ನ ಹೋದಾಗ ಅವಳು ಮೂಲೆಯಲ್ಲಿದ್ದ ಗಾಡಿಗೆ ಒರಗಿ ಕೂತಿದ್ದಳು. ಒಣಗಿದ ಉಪ್ಪಿನಕಾಯಿ ಜಾಡಿಯ ಬಾಯಿಗೆ ಮುಖ ಹಚ್ಚಿ ನಾಲಿಗೆಯಿಂದ ಒಳಗಿನ ಬಿಳಿ ಪೊರೆ ನೆಕ್ಕುತ್ತಿದ್ದಳು. ಜಾಡಿಯಲ್ಲಿ ಬೂಸ್ಟು ಹಿಡಿದಿತ್ತು. ಇರುವೆ ಇದ್ದವು.

"ದೊಡ್ಡವ್ವ, ಒಂದ್ ಕಲ್ಲು ತಂದ್ಕೊಡು. ಒಂದೇ ಒಂದು."

ಬಂಗಾರದ ಕೈಯ ಹೆಂಗಸು, ಊರಿಗೆಲ್ಲ ಉಪ್ಪು ಉದುರಿಸಿದವಳು. ನಾನು ಮನೆಗೆ ಹೋಗಿ ಮಜ್ಜಿಗೆಗೆ ಉಪ್ಪು ಕಲಸಿ ತಂದೆ. ಅವಳು ಅರ್ಧ ಲೋಟ ಕುಡಿಯುವಷ್ಟರಲ್ಲಿ ಚಂದ್ರಕ್ಕ ಹಿಂದಿನಿಂದ ಬಂದು ಲೋಟಕ್ಕೆ ಹೊಡೆದಳು.

"ವೀರಮ್ಮ, ನಿನ್ ಮನೆ ಉಪ್ಪು ನಿನ್ ಮನೇಲಿ ಇಟ್ಕ. ಔಷಧಿ ತಿರುಗಿ ಬಿದ್ದು ಇವ್ಳು ಸತ್ರೆ ನೀನು ಹೊರ್ತೀಯಾ?"

"ಹಿಂಗೇ ಬಿಟ್ರೆ ನೀನೇ ಹೊರ್ತೀಯ ಚಂದ್ರಕ್ಕ."

ಮಜ್ಜಿಗೆ ಸಗಣಿ ನೆಲದ ಮೇಲೆ ಹರಿಯಿತು. ಅನುಸೂಯ ಅದನ್ನೇ ನೋಡುತ್ತಿದ್ದಳು. ಬಗ್ಗಿ ನೆಕ್ಕಿಬಿಡುತ್ತಾಳೇನೋ ಎಂದು ನನಗೆ ಭಯವಾಯಿತು. ಥೂ, ಒಂದು ಮನುಷ್ಯಜೀವವನ್ನು ಎಲ್ಲಿಗೆ ತಂದು ನಿಲ್ಲಿಸಿದರು.

ಅದಾಗಿ ಸ್ವಲ್ಪ ದಿನಕ್ಕೇ ಬೆಳಗ್ಗೆ ಅವಳು ಏಳಲಿಲ್ಲ. ಹೊಟ್ಟೆನೋವು, ಭೇದಿ, ವಾಂತಿ. ಮೈ ತಣ್ಣಗೆ ಹಾವಿನ ಹಾಗೆ. ಕರೆದರೆ ಓ ಅನ್ನುತ್ತಿರಲಿಲ್ಲ. ಮಲ್ಲೇಶ್ ಮಂಡಿಗೆ ಹೊರಟವನು ಬಾಗಿಲಲ್ಲಿ ನಿಂತಿದ್ದ. ಚಂದ್ರಕ್ಕ "ಕಾಟಯ್ಯನ್ನ ಕರಿ" ಎಂದಳು.

ನಾನು ಅಂದೆ, "ಲೇ ಮಲ್ಲೇಶ, ಕಾಟಯ್ಯನ್ನ ಕರ್ದ್ರೆ ಹೂ ತರೋಕೂ ಹೇಳಿ ಕಳ್ಸು. ಇಲ್ಲಾ, ಒನ್ ನಾಟ್ ಎಯ್ಟಿಗೆ ಫೋನ್ ಮಾಡು. ನಡಿ, ಹೋಗಾಣ."

ಅವನು ಫೋನು ಮಾಡಿದ. ಅವನ ಜೀವಮಾನದಲ್ಲಿ ತಾಯಿಯನ್ನು ಕೇಳದೆ ಮಾಡಿದ ಕೆಲಸ ಅದೊಂದೇ ಇರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಬಾಟಲಿ ಏರಿಸಿ, ಬಿ.ಪಿ. ಸಿಗುತ್ತಿಲ್ಲ ಎಂದು ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿ ಬಿಂದು ಎಂಬ ಡಾಕ್ಟರಮ್ಮ ಇದ್ದರು. ಪಕ್ಕದ ಮಂಚದ ಕಡೆಯವರು ಅನುಸೂಯಳ ಬಣ್ಣ ನೋಡಿ ತಮ್ಮ ಊಟದ ಡಬ್ಬಿಯನ್ನು ಆಚೆ ಸರಿಸಿಟ್ಟುಕೊಂಡರು. ಡಾಕ್ಟರಮ್ಮ ಆ ಕೈಯನ್ನೇ ಹಿಡಿದುಕೊಂಡು ಅಂಗೈ ಬಿಡಿಸಿ ಗೆರೆಗಳನ್ನು ನೋಡಿದರು. ತುಟಿ ಎತ್ತಿ ಒಸಡು ನೋಡಿದರು. ಸುಟ್ಟ ಕಲೆ ನೋಡಿ, "ಇದು ಮೊದ್ಲಿಂದ ಕಪ್ಪಿತ್ತಾ?" ಎಂದರು. ಬೆಳ್ಳಗಿತ್ತು ಎಂದೆ. "ಉಪ್ಪು ಕೇಳ್ತಿದ್ರಾ?" ಎಂದರು.

ಮಲ್ಲೇಶ್ ನೆಲ ನೋಡಿದ. "ಕೇಳ್ತಿದ್ಲು. ಕೊಡ್ತಿರ್ಲಿಲ್ಲ. ಪಥ್ಯ" ಎಂದ.

ಡಾಕ್ಟರಮ್ಮ ಕೂಡಲೇ ನರ್ಸನ್ನು ಕರೆದರು. ರಕ್ತ ತೆಗೆಸಿದರು, ಅದರ ವರದಿಗೆ ಕಾಯದೆ ಉಪ್ಪುನೀರಿನ ಬಾಟಲಿ ಜೋರಾಗಿ ಬಿಟ್ಟು, ಸಕ್ಕರೆ ಕಮ್ಮಿಯಾಗಿದೆ ಎಂದು ಗ್ಲೂಕೋಸ್ ಕೊಟ್ಟು, ರಕ್ತನಾಳಕ್ಕೆ ಒಂದು ಸೂಜಿ ಹಾಕಿಸಿದರು. ಸಾಯಂಕಾಲದ ಹೊತ್ತಿಗೆ ಅನುಸೂಯ ಕಣ್ಣು ಬಿಟ್ಟು, "ದೊಡ್ಡವ್ವ, ಹಸಿವು" ಎಂದಳು. ಆಸ್ಪತ್ರೆಯ ಉಪ್ಪಿಟ್ಟು ತಂದುಕೊಟ್ಟೆ. ಬೆರಳು ನೆಕ್ಕಿ ತಿಂದಳು.

ಆಮೇಲೆ ಡಾಕ್ಟರಮ್ಮ ನನ್ನನ್ನೂ ಮಲ್ಲೇಶನನ್ನೂ ಕೂರಿಸಿಕೊಂಡು ಹೇಳಿದರು. ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ ಇರುತ್ತದೆ. ಅದರಲ್ಲಿ ಒಸರುವ ರಸ ಮೈಯಲ್ಲಿ ಉಪ್ಪನ್ನು ಹಿಡಿದಿಡುತ್ತದೆ, ಬಿ.ಪಿ. ನಿಲ್ಲಿಸುತ್ತದೆ, ಜ್ವರ ಬಂದಾಗ ಜೀವ ಕಾಯುತ್ತದೆ. ಇವಳಲ್ಲಿ ಎರಡೂ ಹಾಳಾಗಿವೆ. ಹಾಗಾಗಿ ಉಪ್ಪು ಉಚ್ಚೆಯಲ್ಲಿ ಸೋರಿಹೋಗುತ್ತಿತ್ತು, ಮೈ ಅದಕ್ಕೇ ಉಪ್ಪು ಬೇಡುತ್ತಿತ್ತು. ರಸ ಸಾಲದೆಂದು ತಲೆಯೊಳಗಿನ ಇನ್ನೊಂದು ಗ್ರಂಥಿ ಕೂಗಿ ಕೂಗಿ ಕರೆಯುತ್ತದಂತೆ. ಅದು ಕಳಿಸುವ ರಸ ಚರ್ಮಕ್ಕೂ ತಾಗಿ ಕಪ್ಪು ಮಾಡುತ್ತದೆ.

"ಕನಕರಾಜ ಸೂಜಿ ಹಾಕಿದ್ರೆ ಎದ್ದು ಓಡಾಡ್ತಿದ್ಲಲ್ಲ ಮೇಡಂ?" ಎಂದ ಮಲ್ಲೇಶ್.

"ಅದ್ರಲ್ಲಿ ಸ್ಟಿರಾಯ್ಡ್ ಇರ್ತದೆ. ಇವ್ರ ಮೈಯಲ್ಲಿ ಇಲ್ಲದ್ದು ಅದೇ. ಸೂಜಿಯ ಗುಣ ಇರೋವರ್ಗೂ ಎದ್ರು, ಇಳಿದ ಮೇಲೆ ಬಿದ್ರು. ಕಾಯಿಲೆ ಮುಚ್ಚಿಟ್ಟಂಗಾಯ್ತು, ಅಷ್ಟೇ."

ಸ್ಕ್ಯಾನಿನಲ್ಲಿ ಎರಡೂ ಗ್ರಂಥಿ ಊದಿ, ನಡುನಡುವೆ ಸುಣ್ಣ ಕಟ್ಟಿದ ಹಾಗೆ ಕಂಡವು. ಎದೆಯ ಫೋಟೋದಲ್ಲಿ ಹಳೆಯ ಸಣ್ಣ ಕಲೆ, ಕಫದಲ್ಲಿ ಏನೂ ಇಲ್ಲ. ದಾವಣಗೆರೆಗೆ ಕಳಿಸಿ ಗ್ರಂಥಿಗೆ ಸೂಜಿ ಹಾಕಿ ತೆಗೆಸಿದ ಚೂರಿನಲ್ಲಿ ಕ್ಷಯ ಎಂದು ಬಂತು. ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇತ್ತೇ ಎಂದು ಡಾಕ್ಟರಮ್ಮ ಕೇಳಿದರು. ನಾನು ಡಾಲ್ಡಾ ಡಬ್ಬಿಯ ವಿಷಯ ಹೇಳಿದೆ. ಆಗ ಉಸಿರಿನಲ್ಲಿ ಒಳಗೆ ಹೋದ ಹುಳ ಸದ್ದಿಲ್ಲದೆ ರಕ್ತದಲ್ಲಿ ಆ ಗ್ರಂಥಿಗಳಿಗೆ ಹೋಗಿ ಕೂತು, ಇಷ್ಟು ವರ್ಷ ನಿಧಾನವಾಗಿ ತಿಂದಿರಬೇಕು ಎಂದರು. ನಮ್ಮ ದೇಶದಲ್ಲಿ ಈ ಗ್ರಂಥಿ ಕೆಟ್ಟವರಲ್ಲಿ ಎಷ್ಟೋ ಜನಕ್ಕೆ ಟಿ.ಬಿ.ಯೇ ಕಾರಣ, ಕೆಮ್ಮೇ ಇಲ್ಲದ ಟಿ.ಬಿ. ಎಂದರು. ಇದು ಯಾರಿಗೂ ಅಂಟುವುದಿಲ್ಲ, ತಟ್ಟೆ ಬೇರೆ ಮಾಡಬೇಡಿ ಎಂದೂ ಹೇಳಿದರು. ತಟ್ಟೆಯ ವಿಷಯ ನಾವು ಹೇಳಿರಲೇ ಇಲ್ಲ. ಅವರು ಇಂಥ ಮನೆಗಳನ್ನು ಎಷ್ಟು ಕಂಡಿದ್ದಾರೋ.

ಮಾತ್ರೆಗಳು ಎರಡು ಬಗೆ. ಒಂದು ಕ್ಷಯದ್ದು, ತಿಂಗಳುಗಟ್ಟಲೆ ತಿಂದು ಮುಗಿಸುವಂಥದ್ದು. ಇನ್ನೊಂದು ಗ್ರಂಥಿಯ ಬದಲಿಗೆ, ಬೆಳಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ, ಜೊತೆಗೆ ಉಪ್ಪು ಹಿಡಿದಿಡುವ ಚಿಕ್ಕ ಮಾತ್ರೆ. ಕ್ಷಯದ ಮಾತ್ರೆಯಲ್ಲಿ ಉಚ್ಚೆ ಕೆಂಪು ಮಾಡುವ ಮದ್ದು ಒಂದಿದೆ, ಅದು ಗ್ರಂಥಿಯ ಮಾತ್ರೆಯನ್ನು ಬೇಗ ಕರಗಿಸಿಬಿಡುತ್ತದಂತೆ. ಅದಕ್ಕೇ ಅದು ನಡೆಯುವವರೆಗೆ ಗ್ರಂಥಿಯ ಮಾತ್ರೆ ಹೆಚ್ಚು ಬೇಕು ಎಂದರು.

ಡಾಕ್ಟರಮ್ಮ ಅನುಸೂಯಳನ್ನೇ ನೋಡಿ ಮೂರು ಮಾತು ಹೇಳಿ, ಅವಳ ಬಾಯಲ್ಲೂ ಹೇಳಿಸಿದರು. "ಕ್ಷಯ ವಾಸಿಯಾದ್ರೂ ಗ್ರಂಥಿ ಮತ್ತೆ ಚಿಗುರೋದು ಕಷ್ಟ. ಗ್ರಂಥಿ ಮಾತ್ರೆ ಸಾಯೋವರ್ಗೂ ಬಿಡಂಗಿಲ್ಲ. ಜ್ವರ ಬಂದ್ರೆ ಎರಡರಷ್ಟು ತಗೋಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೇಲಿ ನಿಲ್ಲಲಿಲ್ವಾ, ಓಡಿ ಬಂದು ಸೂಜಿ ಹಾಕಿಸ್ಕೋಬೇಕು."

ಮನೆಗೆ ಬಂದೆವು. ಕ್ಷಯ ಎಂಬ ಮಾತು ಕೇಳಿದ್ದೇ ಚಂದ್ರಕ್ಕ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ, ನನ್ ಮನೆಗೆ ಕ್ಷಯ ತಂದ್ಲಲ್ಲಪ್ಪಾ! ರಾಮಗಿರಿಯಿಂದ ಕಟ್ಕೊಂಡು ಬಂದ್ಲಾ!"

"ರಾಮಗಿರಿಯಿಂದ ಅಲ್ಲ ಅತ್ತೆ. ನಿಮ್ ಪಡಸಾಲೆಯಿಂದ" ಎಂದಳು ಅನುಸೂಯ. ಸೊಸೆ ಅತ್ತೆಗೆ ಎದುರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯ ಟಿ.ಬಿ. ವಿಭಾಗದ ಪ್ರದೀಪ ಎಂಬ ಹುಡುಗ ಮನೆಯವರನ್ನೆಲ್ಲ ತಪಾಸಣೆ ಮಾಡಲು ಬಂದರೆ ಚಂದ್ರಕ್ಕ ಹಿತ್ತಲ ಬಾಗಿಲಿಂದ ಹೋಗಿ ಪಕ್ಕದ ಬೀದಿಯಲ್ಲಿ ಕೂತಳು. ಎರಡನೆಯ ಸಲ ಸಿಕ್ಕಿಬಿದ್ದಳು. ಏನೂ ಇರಲಿಲ್ಲ. ಏನೂ ಇಲ್ಲ ಎಂದು ತಿಳಿದ ಮೇಲೆ ಸೊಸೆಯ ತಟ್ಟೆ ಒಳಗೆ ಬರಬಹುದಿತ್ತು, ಬರಲಿಲ್ಲ.

ಅನುಸೂಯ ಮಾತ್ರೆ ಬಿಡಲಿಲ್ಲ. ಮೈ ತುಂಬಿತು. ಒಸಡು ಮೊದಲು ತಿಳಿಯಾಯಿತು, ಆಮೇಲೆ ಗೆಣ್ಣು, ಆಮೇಲೆ ಅಂಗೈ. ಗೆರೆಗಳಲ್ಲಿ ಸ್ವಲ್ಪ ಉಳಿಯಿತು, ಸುಟ್ಟ ಕಲೆ ಕಪ್ಪಗೇ ನಿಂತಿತು. ಗಾಡಿ ಮತ್ತೆ ರಸ್ತೆಗೆ ಬಂತು, ನನ್ನ ಮಣೆಯೂ ಬಂತು. ಗ್ರೀಸಿನ ಮಾತಾಡಿದ ಡ್ರೈವರು ಒಂದು ದಿನ ಬಂದು ಏನೂ ಆಗದವನ ಹಾಗೆ ಕೈ ನೀಡಿದ. ಅವಳು ಪೊಟ್ಟಣ ಕಟ್ಟಿ ಕೊಟ್ಟಳು. ನಾನಾಗಿದ್ದರೆ ಮುಖಕ್ಕೆ ಎರಚುತ್ತಿದ್ದೆ.

ಕ್ಷಯದ ಮಾತ್ರೆ ಮುಗಿಯಿತು. ವಾಸಿಯಾಗಿದೆ ಎಂದು ಆಸ್ಪತ್ರೆಯವರು ಹೇಳಿದರು. ಮನೆಯಲ್ಲಿ ಹೊಸ ರಾಗ ಶುರುವಾಯಿತು. "ರೋಗ ಹೋತಲ್ಲ, ಇನ್ನ ಮಾತ್ರೆ ಯಾಕೆ?" ಚಂದ್ರಕ್ಕ ಹೋಗಿ ಕನಕರಾಜನನ್ನೇ ಕೇಳಿ ಬಂದಳು. ಅವನು ಮಾತ್ರೆಯ ಹೆಸರು ನೋಡಿ, "ಇದು ಸ್ಟಿರಾಯ್ಡು ಕಣಮ್ಮ, ಮೂಳೆ ತಿಂದ್ಹಾಕ್ತದೆ, ನಿಲ್ಸಿಬಿಡ್ರಿ" ಎಂದನಂತೆ. ಯಾರು? ತಾನೇ ಅದನ್ನು ಹೆಸರು ಹೇಳದೆ ಇವಳ ಮೈಗೆ ಚುಚ್ಚಿದವನು. ಅವನ ನಾಲಿಗೆ ನೆನೆದರೆ ನನಗೆ ಆ ಬೂಸ್ಟು ಹಿಡಿದ ಜಾಡಿ ನೆನಪಾಗುತ್ತದೆ.

"ಅತ್ತೆ, ಕ್ಷಯ ಹೋಗೈತೆ. ಅದು ತಿಂದ್ಹಾಕಿದ ಗ್ರಂಥಿ ವಾಪಸ್ ಬಂದಿಲ್ಲ. ಬೆಂಕಿ ಆರಿದ್ರೆ ಸುಟ್ಟ ಗುಡ್ಲು ಎದ್ದು ನಿಲ್ಲುತ್ತಾ?" ಎಂದಳು ಅನುಸೂಯ.

"ನಿನ್ ಮಾತು ಗುಡ್ಲಿಗಿಂತ ಎತ್ರ ಆಗೈತೆ" ಎಂದಳು ಚಂದ್ರಕ್ಕ.

ಮಳೆಗಾಲದಲ್ಲಿ ಬೀದಿಯಲ್ಲೆಲ್ಲ ಜ್ವರ ಬಂತು. ಅನುಸೂಯಳಿಗೂ ಬಂತು. ಎರಡರಷ್ಟು ತೆಗೆದುಕೊಳ್ಳೋಣ ಎಂದು ಬೆಳಗ್ಗೆ ಗೂಡಿಗೆ ಕೈ ಹಾಕಿದರೆ ಮಾತ್ರೆಯ ಡಬ್ಬಿ ಖಾಲಿ. ಆ ಮಾತ್ರೆ ಹಿರಿಯೂರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ದುರ್ಗದಿಂದ ತರಿಸಬೇಕಿತ್ತು. ಅವಳು ಹುಡುಕುತ್ತ ಹುಡುಕುತ್ತ ವಾಂತಿ ಮಾಡಿಕೊಂಡಳು. ನಾನು ಸದ್ದು ಕೇಳಿ ಅಂಗಳಕ್ಕೆ ಬಂದೆ. ನಮ್ಮಿಬ್ಬರ ನಡುವಿನ ಚರಂಡಿಯಲ್ಲಿ, ಹಸಿರು ಪಾಚಿಯ ಮೇಲೆ, ಕೋಳಿ ಕರುಳಿನ ಪಕ್ಕ, ಬಿಳಿ ಮಾತ್ರೆಗಳು ಊದಿ ಹಿಟ್ಟಾಗಿ ಕರಗುತ್ತಿದ್ದವು. ಏಕಾಂತಪ್ಪ ಎಸೆದ ಜಾಗದಲ್ಲೇ ಅವನ ಹೆಂಡತಿ ಎಸೆದಿದ್ದಳು. ಎಸೆದವಳು ಒಳಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದಳು.

"ಚಂದ್ರಕ್ಕ, ಏನ್ ಮಾಡಿದ್ಯೇ?"

"ಒಳ್ಳೇದೇ ಮಾಡೀನಿ. ಮೂಳೆ ಉಳೀಲಿ ಅಂತ" ಎಂದಳು, ಕಣ್ಣು ಬಿಡದೆ.

ಮಲ್ಲೇಶ್ ಹೊಸಲಿನ ಮೇಲೆ ಕೂತಿದ್ದ. ಅವನು ಚರಂಡಿಯ ಕಡೆ ನೋಡಲೇ ಇಲ್ಲ. ನೋಡದೇ ಇದ್ದುದರಲ್ಲೇ, ಅವನಿಗೂ ತಿಳಿದಿತ್ತೆಂದು ನನಗೂ ಅನುಸೂಯಳಿಗೂ ಗೊತ್ತಾಯಿತು.

ಅವಳು ಗೋಡೆ ಹಿಡಿದು ಎದ್ದಳು. ಗಂಡನನ್ನು ಕರೆಯಲಿಲ್ಲ. "ದೊಡ್ಡವ್ವ, ಆಟೋ ತರ್ಸು" ಎಂದಳು. ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು. ತುಟಿ ಆಡುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾಳೆ ಅಂದುಕೊಂಡು ಕಿವಿ ಹಚ್ಚಿದೆ. ಡಾಕ್ಟರಮ್ಮ ಹೇಳಿಸಿದ ಮಾತನ್ನೇ ಹೇಳಿಕೊಳ್ಳುತ್ತಿದ್ದಳು. ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಬಂದು "ಏನಾಗೈತೆ?" ಎಂದ ಕೂಡಲೇ ಕಣ್ಣು ಬಿಟ್ಟು, "ನನ್ ಗ್ರಂಥಿ ಸತ್ತವೆ. ಮಾತ್ರೆ ತಪ್ಪೈತೆ, ವಾಂತಿ ಆಗ್ತೈತೆ. ಮೊದ್ಲು ಸ್ಟಿರಾಯ್ಡ್ ಸೂಜಿ ಹಾಕ್ರಿ, ಆಮೇಲೆ ಏನ್ ಬೇಕಾದ್ರೂ ಕೇಳ್ರಿ" ಎಂದು ಹೇಳಿ ಮತ್ತೆ ಕಣ್ಣು ಮುಚ್ಚಿದಳು. ಒಳಗಿದ್ದ ಡಾಕ್ಟರು ಅದನ್ನು ಕೇಳಿಸಿಕೊಂಡು ಎದ್ದು ಬಂದರು. ಸೂಜಿ ಹಾಕಿದರು, ಉಪ್ಪುನೀರಿನ ಬಾಟಲಿ ಏರಿಸಿದರು. ಬದುಕಿದಳು.

ಆಸ್ಪತ್ರೆಯಿಂದ ಬಂದವಳು ಆ ಮನೆಯ ಅಡುಗೆಮನೆಗೆ ಕಾಲಿಡಲಿಲ್ಲ. ಹಿತ್ತಲಿನ ತಗಡಿನ ಕೋಣೆಯಲ್ಲಿ ತನ್ನ ಒಲೆ ಹೂಡಿದಳು. ಗಾಡಿಯ ಕಲ್ಲುಪ್ಪಿನ ಡಬ್ಬ ತಂದು ಒಲೆಯ ಪಕ್ಕ ಇಟ್ಟಳು. ದುರ್ಗದಿಂದ ತರಿಸಿದ ಮಾತ್ರೆಯಲ್ಲಿ ಅರ್ಧ ತನ್ನ ಹತ್ತಿರ, ಅರ್ಧ ನನ್ನ ಟ್ರಂಕಿನಲ್ಲಿ. ಚಂದ್ರಕ್ಕ ಬೀದಿಗೆ ಬಂದು, "ಒಲೆ ಬೇರೆ ಮಾಡಿದ್ಲು, ನನ್ ಮಗನ್ನ ಬೇರೆ ಮಾಡಿದ್ಲು" ಎಂದು ಸಿಕ್ಕವರಿಗೆಲ್ಲ ಹೇಳಿದಳು. ಕೆಲವರು ತಲೆಯಾಡಿಸಿದರು. ನಮ್ಮ ಬೀದಿಯ ತಲೆಗಳು ಹಾಗೇ, ಯಾರು ಕೊನೆಗೆ ಮಾತಾಡಿದರೋ ಅವರ ಕಡೆ ಆಡುತ್ತವೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಮಲ್ಲೇಶ್ ಹಿತ್ತಲಿಗೆ ಬಂದು ಆ ಒಲೆಯ ಮುಂದೆ ಕೂತ. ನಾನು ಅಲ್ಲೇ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಅವನು ನನ್ನನ್ನು ನೋಡಿದ, ನಾನು ಏಳಲಿಲ್ಲ.

"ನಿಮಗೆ ಗೊತ್ತಿತ್ತಾ?" ಎಂದಳು ಅನುಸೂಯ.

ಅವನು ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದ. "ಅವ್ವ ಹೇಳಿದ್ಲು. ಬ್ಯಾಡ ಅನ್ನೋಕಾಗ್ಲಿಲ್ಲ."

ಅವಳು ಎದ್ದಳು. ಬಚ್ಚಲ ಕಟ್ಟೆಯ ಮೇಲಿಂದ ತನ್ನ ಬೇರೆ ಮಾಡಿದ್ದ ತಟ್ಟೆ ತಂದು, ತೊಳೆದು, ಅವನ ಮುಂದಿಟ್ಟಳು. ಬಿಸಿ ಮುದ್ದೆ ಹಾಕಿದಳು, ಹುರುಳಿಕಾಳು ಸಾರು ಬಿಟ್ಟಳು. ಅವನು ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ಟು, ಅಗಿಯದೆ ನಿಲ್ಲಿಸಿದ.

"ಉಪ್ಪೇ ಹಾಕಿಲ್ವಲ್ಲೇ."

"ಪಥ್ಯ" ಎಂದಳು. "ನುಂಗ್ರಿ."

ಗೋಡೆಯಾಚೆ ಚಂದ್ರಕ್ಕನ ಬೈಗುಳ ಕೇಳುತ್ತಲೇ ಇತ್ತು. ಮಲ್ಲೇಶ್ ಒಂದು ಸಲ ಉಪ್ಪಿನ ಡಬ್ಬದ ಕಡೆ ನೋಡಿದ. ಅನುಸೂಯ ಡಬ್ಬವನ್ನು ತನ್ನ ಮಗ್ಗುಲಿಗೆ ಎಳೆದುಕೊಂಡು, ತಾನು ಬಡಿಸಿಕೊಂಡ ಇನ್ನೊಂದು ತಟ್ಟೆಗೆ ನಾಲ್ಕು ಕಲ್ಲು ಹಾಕಿಕೊಂಡು, ಆ ಗೆರೆ ಉಳಿದ ಕೈಯಿಂದ ಕಲೆಸಿ ಉಣ್ಣಲು ಶುರು ಮಾಡಿದಳು. ಅವನು ಎದ್ದು ಹೋಗಲಿಲ್ಲ. ಸಪ್ಪೆ ಸಾರಿನಲ್ಲೇ ಮುದ್ದೆ ಪೂರ್ತಿ ನುಂಗಿದ. ನುಂಗುವಾಗ ಅವನ ಮುಖ ಹೇಗಿತ್ತೆಂದರೆ, ಕಾಟಯ್ಯನ ಹಸಿರು ರಸ ಕುಡಿಯುವಾಗ ಅವಳ ಮುಖ ಹಾಗೇ ಇರುತ್ತಿತ್ತು.